ಕಂತು ಒಂದೇ, ಒಳಗಿನ ಪಾಲು ಬೇರೆ

ಮೂವತ್ತು ಲಕ್ಷ ರೂಪಾಯಿ ಗೃಹಸಾಲ, ಇಪ್ಪತ್ತು ವರ್ಷದ ಅವಧಿ, ಶೇ 9ರ ಬಡ್ಡಿ. ತಿಂಗಳ ಕಂತು 26,992 ರೂಪಾಯಿ. ಐದು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದವರ ಖಾತೆಯಿಂದ 16.20 ಲಕ್ಷ ಹೋಗಿರುತ್ತದೆ. ಅಸಲು ಇಳಿದಿರುವುದು ಮಾತ್ರ 3.39 ಲಕ್ಷ. ‘ಬ್ಯಾಂಕಿನವರು ಮೊದಲು ಬಡ್ಡಿಯನ್ನೇ ಕಿತ್ತುಕೊಳ್ಳುತ್ತಾರೆ’ ಎಂಬ ದೂರು ಹುಟ್ಟುವುದು ಇಲ್ಲಿಯೇ.

ಮರುಪಾವತಿ ಪಟ್ಟಿಯ ಮೊದಲ ಸಾಲು ನೋಡಿದರೆ ಇದರಲ್ಲಿ ಕೈಚಳಕವೇನೂ ಇಲ್ಲವೆಂದು ತಿಳಿಯುತ್ತದೆ. ಶೇ 9 ಎಂದರೆ ತಿಂಗಳಿಗೆ ಶೇ 0.75. ಮೂವತ್ತು ಲಕ್ಷಕ್ಕೆ ಒಂದು ತಿಂಗಳ ಬಡ್ಡಿ 22,500. ಕಂತಿನಲ್ಲಿ ಉಳಿದ 4,492 ರೂಪಾಯಿಯಷ್ಟೇ ಅಸಲಿಗೆ ಜಮೆ. ಮುಂದಿನ ತಿಂಗಳು ಬಡ್ಡಿ ಬೀಳುವುದು ಉಳಿದ ಬಾಕಿಯ ಮೇಲೆ. ಹಾಗಾಗಿ ಬಡ್ಡಿಯ ಪಾಲು 34 ರೂಪಾಯಿ ಇಳಿದು, ಅಷ್ಟೇ ಮೊತ್ತ ಅಸಲಿನ ಕಡೆ ಸರಿಯುತ್ತದೆ. ಬರೀ 34 ರೂಪಾಯಿ! ಹೀಗೆ ಸರಿಯುತ್ತಾ ಸರಿಯುತ್ತಾ ಅಸಲಿನ ಪಾಲು ಬಡ್ಡಿಯನ್ನು ಮೀರುವುದು 149ನೇ ಕಂತಿನಲ್ಲಿ, ಹದಿಮೂರನೇ ವರ್ಷದಲ್ಲಿ. ಸಾಲ ಅರ್ಧಕ್ಕೆ ಇಳಿಯಲು ಹದಿನಾಲ್ಕು ವರ್ಷ ಬೇಕು.

ಈ ಪಟ್ಟಿ ಬಡ್ಡಿ ದರ ಬದಲಾಗದಿದ್ದರೆ ಮಾತ್ರ ನಿಜ. ನಮ್ಮ ಗೃಹಸಾಲಗಳಲ್ಲಿ ಹೆಚ್ಚಿನವು ಬದಲಾಗುವ ದರದವು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿದಾಗ, ಅನೇಕರ ಕಂತು ಅಷ್ಟೇ ಉಳಿದು ಅವಧಿ ಸದ್ದಿಲ್ಲದೆ ಉದ್ದವಾಯಿತು. ನಮ್ಮ ಲೆಕ್ಕದಲ್ಲೇ ಐದು ವರ್ಷದ ನಂತರ ದರ ಶೇ 10 ಆದರೆ, ಅದೇ ಕಂತಿನಲ್ಲಿ ಸಾಲ ತೀರಲು 180ರ ಬದಲು 208 ತಿಂಗಳು ಹಿಡಿಯುತ್ತದೆ. ದರ ಶೇ 12.2 ದಾಟಿದರಂತೂ ಇಡೀ ಕಂತು ಬಡ್ಡಿಗೂ ಸಾಲದೆ, ಕಟ್ಟುತ್ತಲೇ ಸಾಲ ಬೆಳೆಯುತ್ತದೆ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ತಂದಿತು. ಅವಧಿ ಹಿಗ್ಗಿಸುವಾಗ ಸಾಲ ಬೆಳೆಯುವಂತೆ ಆಗಕೂಡದು. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೆ ಕೊಡಬೇಕು. ಈವರೆಗೆ ವಸೂಲಾದ ಅಸಲು, ಬಡ್ಡಿ ಮತ್ತು ಉಳಿದ ಕಂತುಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಆ ವಿವರಣೆಯಲ್ಲಿ ನಾನಂತೂ ಮೊದಲು ನೋಡುವುದು ಉಳಿದ ಕಂತುಗಳ ಸಂಖ್ಯೆಯನ್ನೇ. ಮೂರು ಕಂತು ಕಟ್ಟಿದ ಮೇಲೂ ಅದು ಮೂರು ಇಳಿದಿಲ್ಲವೆಂದರೆ ಅವಧಿ ಹಿಗ್ಗಿದೆ ಎಂದೇ ಅರ್ಥ.

ಮುಂಗಡವಾಗಿ ಕಟ್ಟುವ ಹಣದ ಬಲವೂ ಇದೇ ಪಟ್ಟಿಯಲ್ಲಿದೆ. ಒಂದು ವರ್ಷ ಮುಗಿದಾಗ ಒಂದು ಲಕ್ಷ ಹೆಚ್ಚುವರಿ ಕಟ್ಟಿದರೆ ಕೊನೆಯ ಹತ್ತೊಂಬತ್ತು ಕಂತು ತಪ್ಪುತ್ತವೆ. ಅದೇ ಲಕ್ಷವನ್ನು ಹದಿನೈದು ವರ್ಷದ ನಂತರ ಕಟ್ಟಿದರೆ ತಪ್ಪುವುದು ಆರಕ್ಕೂ ಕಡಿಮೆ. ಆದರೆ ಹಣ ಕಟ್ಟುವಾಗ ‘ಕಂತು ಇಳಿಸಬೇಡಿ, ಅವಧಿ ಇಳಿಸಿ’ ಎಂದು ಬರೆದುಕೊಡಬೇಕು. ಕಂತನ್ನು ಇಳಿಸಿಕೊಂಡರೆ ಅವಧಿ ಇಪ್ಪತ್ತು ವರ್ಷವೇ ಉಳಿದು, ಉಳಿತಾಯ ಬಹಳಷ್ಟು ಕರಗುತ್ತದೆ.