ವಂಶಾವಳಿಯ ನಕ್ಷೆಯೂ ಕುಸುಮ ರೋಗದ ಲೆಕ್ಕವೂ

ಸಣ್ಣ ಪೆಟ್ಟಿಗೂ ರಕ್ತ ನಿಲ್ಲದೆ ಸೋರುವ, ಮೊಣಕಾಲು ಮೊಣಕೈಗಳ ಕೀಲಿನೊಳಗೆ ತಾನಾಗಿ ರಕ್ತ ತುಂಬಿಕೊಳ್ಳುವ ಆನುವಂಶಿಕ ವ್ಯಾಧಿಗೆ ಹಿಮೋಫಿಲಿಯಾ ಎಂದು ಹೆಸರು. ಕನ್ನಡದಲ್ಲಿ ಇದನ್ನು ಕುಸುಮ ರೋಗವೆನ್ನುವುದುಂಟು. ಡಾ. ಸುರೇಶ ಹನಗವಾಡಿಯವರು ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ನೆಲೆ ದಾವಣಗೆರೆಯೇ ಆದುದರಿಂದ ಈ ಸೀಮೆಗೆ ಆ ಹೆಸರು ಅಪರಿಚಿತವಲ್ಲ. ರೋಗವಿರುವ ಮನೆತನದ ಕನ್ಯೆಗೆ ಸಂಬಂಧ ಕೂಡಿಬಂದಾಗ ಹಿರಿಯರನ್ನು ಕಾಡುವ ಪ್ರಶ್ನೆ ಒಂದೇ: ಇವಳ ಮಗನಿಗೂ ಅದು ಬಂದೀತೆ? ಆಸ್ಪತ್ರೆಯಲ್ಲಿ ಬರೆದ ವಂಶಾವಳಿಯ ನಕ್ಷೆಯ ಛಾಯಾಚಿತ್ರವೊಂದು ಕೈಯಲ್ಲಿದ್ದರೆ ಉತ್ತರದ ಬಹುಭಾಗವನ್ನು ಅದರಿಂದಲೇ ಪಡೆಯಬಹುದು.

ನಕ್ಷೆಯಲ್ಲಿ ಚೌಕವೆಂದರೆ ಗಂಡು, ವೃತ್ತವೆಂದರೆ ಹೆಣ್ಣು. ಕಪ್ಪು ತುಂಬಿದ್ದರೆ ರೋಗಪೀಡಿತರು. ಅಡ್ಡಗೆರೆ ದಾಂಪತ್ಯವನ್ನೂ, ಜೋಡಿ ಅಡ್ಡಗೆರೆ ರಕ್ತಸಂಬಂಧದ ವಿವಾಹವನ್ನೂ ಸೂಚಿಸುತ್ತವೆ. ಛಾಯಾಚಿತ್ರದಲ್ಲಿ ಕಾಗದದ ಮಡಿಕೆಯ ನೆರಳು ಚೌಕವೊಂದನ್ನು ಕಪ್ಪಾಗಿಸಬಹುದು. ಜೋಡಿ ಗೆರೆ ಮಸುಕಾಗಿ ಒಂದೇ ಗೆರೆಯಂತೆ ಕಾಣಬಹುದು. ಅಂಚಿನಲ್ಲಿದ್ದ ಒಬ್ಬ ಮಗ ಚಿತ್ರದಿಂದ ಹೊರಗುಳಿಯಬಹುದು. ಆದುದರಿಂದ ಎಣಿಕೆಗೆ ತೊಡಗುವ ಮುನ್ನ ಪ್ರತಿಯೊಬ್ಬರನ್ನೂ ಮನೆಯವರಲ್ಲಿ ಕೇಳಿ ತಾಳೆ ನೋಡುವುದು ಮೊದಲ ಕರ್ತವ್ಯ.

ಉದಾಹರಣೆಗೆ ದಾವಣಗೆರೆಯ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಅಜ್ಜಿ ಆರೋಗ್ಯವಂತೆ, ಆಕೆಯ ಅಣ್ಣ ಮತ್ತು ಇಬ್ಬರು ಗಂಡುಮಕ್ಕಳು ಕಪ್ಪು ಚೌಕಗಳು. ಆಕೆಯ ಒಬ್ಬಳೇ ಮಗಳನ್ನು ಹರಿಹರಕ್ಕೆ ಕೊಡಲಾಗಿದೆ. ಅವಳಿಗೆ ಆರೋಗ್ಯವಂತರಾದ ಇಬ್ಬರು ವಯಸ್ಕ ಗಂಡುಮಕ್ಕಳೂ, ಮದುವೆಯ ವಯಸ್ಸಿನ ಒಬ್ಬ ಮಗಳೂ ಇದ್ದಾರೆ.

ಇಲ್ಲಿ ಪೀಡಿತರೆಲ್ಲರೂ ಪುರುಷರು. ಅವರನ್ನು ಬೆಸೆದಿರುವವಳು ರೋಗವಿಲ್ಲದ ಒಬ್ಬ ಸ್ತ್ರೀ. ದೋಷವು ಎಕ್ಸ್ ವರ್ಣತಂತುವಿನಲ್ಲಿದ್ದಾಗ ಕಾಣುವ ಲಕ್ಷಣ ಇದೇ. ಸ್ತ್ರೀಯಲ್ಲಿ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕೆಲಸ ನಡೆಸುತ್ತದೆ. ಅವಳು ವಾಹಕಿ ಮಾತ್ರ. ಪುರುಷನಲ್ಲಿ ಇರುವುದೇ ಒಂದು. ಅದು ತಾಯಿಯಿಂದ ಬಂದದ್ದು. ತಂದೆಯು ಮಗನಿಗೆ ಎಕ್ಸ್ ಅನ್ನು ಕೊಡುವುದೇ ಇಲ್ಲವಾದ್ದರಿಂದ ತಂದೆಯಿಂದ ಮಗನಿಗೆ ರೋಗ ಇಳಿದ ನಿದರ್ಶನವಿದ್ದರೆ ಈ ನಿರ್ಣಯ ಬಿದ್ದುಹೋಗುತ್ತದೆ.

ಆದರೆ ನಮ್ಮ ನಾಡಿನ ಪದ್ಧತಿಯೊಂದು ಇಲ್ಲಿ ಕಣ್ಣು ತಪ್ಪಿಸಬಲ್ಲುದು. ರೋಗವಿರುವ ಸೋದರಮಾವನಿಗೇ ಅಕ್ಕನ ಮಗಳನ್ನು ಕೊಟ್ಟು, ಅವರಿಗೆ ಪೀಡಿತ ಮಗ ಹುಟ್ಟಿದನೆಂದುಕೊಂಡರೆ, ರೋಗ ತಂದೆಯಿಂದಲೇ ಬಂದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಬಂದದ್ದು ವಾಹಕಿಯಾಗಿದ್ದ ತಾಯಿಯಿಂದ. ಇಂಥ ದಾಂಪತ್ಯದಲ್ಲಿ ಹೆಣ್ಣುಮಗುವಿಗೂ ರೋಗ ಬರುವುದುಂಟು. ಜೋಡಿ ಗೆರೆಯನ್ನು ಗಮನಿಸದ ಓದುಗನು ರೋಗದ ದಾರಿಯನ್ನೇ ತಪ್ಪಾಗಿ ತಿಳಿಯುತ್ತಾನೆ.

ಇನ್ನು ಲೆಕ್ಕ. ಅಣ್ಣನಿಗೂ ಮಕ್ಕಳಿಗೂ ರೋಗವಿರುವುದರಿಂದ ಅಜ್ಜಿ ನಿಶ್ಚಿತವಾಗಿ ವಾಹಕಿ. ಆಕೆಯ ಮಗಳು ವಾಹಕಿಯಾಗಿರುವ ಸಂಭಾವ್ಯತೆ ಹುಟ್ಟಿನಿಂದ 1/2. ಅಷ್ಟಕ್ಕೇ ನಿಂತರೆ ಮೊಮ್ಮಗಳದು 1/4 ಎಂದಾಗುತ್ತದೆ; ಹಲವರು ನಿಲ್ಲುವುದೂ ಇಲ್ಲಿಯೇ. ಆದರೆ ಹರಿಹರದ ಇಬ್ಬರು ಆರೋಗ್ಯವಂತ ಗಂಡುಮಕ್ಕಳು ಸಾಕ್ಷಿ ನುಡಿಯುತ್ತಿದ್ದಾರೆ. ಇಂಥ ವಾಹಕಿಯರ ಹೆಣ್ಣುಮಕ್ಕಳು 80 ಮಂದಿ ಇದ್ದು, ಪ್ರತಿಯೊಬ್ಬಳಿಗೂ ಇಬ್ಬರು ಗಂಡುಮಕ್ಕಳೆಂದು ಭಾವಿಸಿದರೆ, ಸರಾಸರಿ 40 ಮಂದಿ ವಾಹಕಿಯರು, 40 ಮಂದಿ ಅಲ್ಲದವರು. ವಾಹಕಿಯರಲ್ಲಿ ಇಬ್ಬರು ಮಕ್ಕಳೂ ಪಾರಾಗುವುದು ನಾಲ್ಕರಲ್ಲೊಬ್ಬಳಿಗೆ, ಅಂದರೆ 10 ಮಂದಿಗೆ. ಉಳಿದ 40 ಮಂದಿಯ ಮಕ್ಕಳೆಲ್ಲ ಆರೋಗ್ಯವಂತರೇ. ಹೀಗೆ ಇಬ್ಬರು ಆರೋಗ್ಯವಂತ ಮಕ್ಕಳಿರುವ 50 ತಾಯಂದಿರಲ್ಲಿ ವಾಹಕಿಯರು 10, ಸಂಭಾವ್ಯತೆ 1/5. ಅವಳ ಮಗಳದು ಅದರ ಅರ್ಧ, 1/10. ಆ ಕನ್ಯೆಗೆ ಮುಂದೆ ಹುಟ್ಟುವ ಗಂಡುಮಗುವಿಗೆ ರೋಗ ಬರುವ ಸಂಭಾವ್ಯತೆ 1/20.

ಒಬ್ಬ ಅಣ್ಣನಿಗಾದರೂ ರೋಗವಿದ್ದಿದ್ದರೆ ತಾಯಿಯ ವಾಹಕತ್ವ ನಿಶ್ಚಯವಾಗಿ, ಕನ್ಯೆಯದು 1/2 ಆಗುತ್ತಿತ್ತು. ಚಿತ್ರದಲ್ಲಿ ಒಂದು ಚೌಕವನ್ನು ತಪ್ಪಾಗಿ ಓದುವುದರ ಬೆಲೆ ಇಷ್ಟು. ಎಳೆಯ ಕೂಸನ್ನು ಆರೋಗ್ಯವಂತನೆಂದು ಎಣಿಸುವುದೂ ಅವಸರವೇ. ಸೌಮ್ಯ ರೂಪದ ರೋಗ ಹಲ್ಲು ಕೀಳಿಸುವಾಗಲೋ ಶಸ್ತ್ರಚಿಕಿತ್ಸೆಯಲ್ಲೋ ಬಯಲಾಗುವುದುಂಟು.

ಮನೆತನದಲ್ಲಿ ಒಬ್ಬನೇ ಪೀಡಿತನಿದ್ದರೆ ಈ ಲೆಕ್ಕ ಹೀಗೆಯೇ ಸಲ್ಲದು. ದೋಷ ಅವನಲ್ಲಿಯೇ ಹೊಸದಾಗಿ ಉಂಟಾಗಿರಬಹುದು, ತಾಯಿ ವಾಹಕಿಯಲ್ಲದಿರಬಹುದು. ರಕ್ತದಲ್ಲಿ ಎಂಟನೆಯ ಅಥವಾ ಒಂಬತ್ತನೆಯ ಹೆಪ್ಪುಗಟ್ಟಿಸುವ ಅಂಶದ ಪ್ರಮಾಣ ಸರಿಯಿದ್ದ ಮಾತ್ರಕ್ಕೆ ಹೆಣ್ಣು ವಾಹಕಿಯಲ್ಲವೆಂದು ಹೇಳಲಾಗದು. ಕೊನೆಯ ನಿರ್ಣಯ ಡಿ.ಎನ್.ಎ. ಪರೀಕ್ಷೆಯದು. ಮೊದಲು ಪೀಡಿತ ಸೋದರಮಾವನ ರಕ್ತದಲ್ಲಿ ದೋಷವನ್ನು ಗುರುತಿಸಿ, ಅದೇ ದೋಷವನ್ನು ಕನ್ಯೆಯಲ್ಲಿ ಹುಡುಕಬೇಕು. ಆಗ 1/10 ಎಂಬುದು ಅಳಿದು, ಉಂಟು ಅಥವಾ ಇಲ್ಲ ಎಂಬ ಉತ್ತರ ದೊರೆಯುತ್ತದೆ. ಯಾರನ್ನು ಮೊದಲು ಪರೀಕ್ಷಿಸಬೇಕೆಂಬುದನ್ನು ತೋರಿಸಿಕೊಡುವುದು ಮಾತ್ರ ಆ ನಕ್ಷೆಯೇ.