ಮಾತಾಡಿದ್ದು ಅವನೋ, ಅವಳೋ?

ಸಬ್‌ಟೈಟಲ್ ಅನುವಾದಕ್ಕೆ ಬರುವ ಕಡತದಲ್ಲಿ ಎಷ್ಟೋ ಸಲ ಚಿತ್ರ ಇರುವುದೇ ಇಲ್ಲ, ಬರೀ ಮಾತಿನ ಸಾಲುಗಳಿರುತ್ತವೆ. ‘ಐ ಆಮ್ ಅಲೋನ್ ಅಟ್ ಹೋಮ್. ಕ್ಯಾನ್ ಯು ಕಮ್?’ ಎಂಬ ಸಾಲು ಬಂತೆನ್ನಿ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ಇಂಗ್ಲಿಷ್ ಬಾಯಿ ಬಿಡುವುದಿಲ್ಲ.

ಹಿಂದಿಯವರಿಗಿಂತ ನಮ್ಮ ಪಾಡು ವಾಸಿ. ಅಲ್ಲಿ ಗಂಡಸು ‘ಆತಾ ಹೂಂ’ ಎಂದರೆ ಹೆಂಗಸು ‘ಆತೀ ಹೂಂ’ ಎನ್ನಬೇಕು. ಕನ್ನಡದಲ್ಲಿ ಇಬ್ಬರಿಗೂ ‘ಬರ್ತೀನಿ’ ಸಾಕು. ಇದನ್ನು ನಂಬಿ ಮೈಮರೆತವರು ಎಡವುವುದು ಕ್ರಿಯಾಪದದ ಆಚೆಗೆ. ಮೇಲಿನ ಸಾಲಿಗೆ ‘ಒಬ್ಬನೇ ಇದ್ದೀನಿ’ ಎನ್ನಬೇಕೋ, ‘ಒಬ್ಬಳೇ ಇದ್ದೀನಿ’ ಎನ್ನಬೇಕೋ? ‘ಮೈಸೂರಿನವನು’, ‘ಮನೆಗೆ ಹಿರಿಯವಳು’ ಎಂಬಂಥ ಮಾತುಗಳಲ್ಲೂ ಇದೇ ಇಕ್ಕಟ್ಟು. ಅಂದಾಜಿನ ಮೇಲೆ ‘ಒಬ್ಬನೇ’ ಎಂದು ಬರೆದು, ತೆರೆಯ ಮೇಲೆ ಹುಡುಗಿ ಬಂದು ನಿಂತರೆ ನೋಡುವವರು ನಗದೆ ಇರುತ್ತಾರೆಯೇ?

ಆಗ ವಾಕ್ಯವನ್ನೇ ಬೇರೆ ದಾರಿಗೆ ತಿರುಗಿಸಬೇಕು. ‘ಮನೇಲಿ ನನ್ನ ಬಿಟ್ರೆ ಯಾರೂ ಇಲ್ಲ’ ಎಂದರೆ ಗಂಡು ಹೆಣ್ಣಿನ ಪ್ರಶ್ನೆ ಏಳುವುದಿಲ್ಲ. ‘ಮೈಸೂರಿನವನು’ ಬದಲು ‘ನಮ್ಮೂರು ಮೈಸೂರು’ ಎನ್ನಬಹುದು. ಉಳಿದರ್ಧಕ್ಕೆ ‘ಬರ್ತೀಯಾ’, ‘ಬರ್ತೀರಾ’ ಎರಡನ್ನೂ ಬಿಟ್ಟು ‘ಬರೋಕಾಗುತ್ತಾ?’ ಎಂದು ಕೇಳಿದರಾಯಿತು. ಗೆಳೆಯನಿಗೂ ಒಪ್ಪುತ್ತದೆ, ಡಾಕ್ಟರಿಗೂ ಒಪ್ಪುತ್ತದೆ. ಮುಖ್ಯವಾಗಿ, ಇದು ಜನ ನಿಜಕ್ಕೂ ಆಡುವ ಮಾತು.

ಮೂರನೆಯವರ ಮಾತು ಬಂದಾಗ ‘ಅವರು’ ಇದ್ದೇ ಇದೆ. ಅದು ಲಿಂಗವನ್ನೂ ಮರೆಸುತ್ತದೆ, ಮರ್ಯಾದೆಯನ್ನೂ ಕಾಪಾಡುತ್ತದೆ. ಆದರೆ ಒಬ್ಬರೋ ಹಲವರೋ ಎಂಬುದು ಮಸುಕಾಗುತ್ತದೆ. ಐದು ವರ್ಷದ ಪೋರನ ಬಗ್ಗೆ ‘ಅವರು ಹಾಲು ಕುಡಿದರು’ ಎಂದರೆ ತಮಾಷೆಯಾಗುತ್ತದೆ. ತೀರಾ ಚಿಕ್ಕವರಾದರೆ ‘ಮಗು ಮಲಗಿದೆ’ ಎಂದು ಪಾರಾಗಬಹುದು.

ಈ ಜಾಣತನ ಹತ್ತಾರು ಸಾಲಿಗೆ ನಡೆದೀತು, ಇಡೀ ಚಿತ್ರಕ್ಕೆ ನಡೆಯದು. ಜಗಳ ಜೋರಾದಾಗ ‘ನೀವು’ ‘ನೀನು’ ಆಗಲೇಬೇಕು, ಇಲ್ಲದಿದ್ದರೆ ಅದು ಜಗಳವೇ ಅಲ್ಲ. ಸಂದೇಹವಿದ್ದಾಗ ‘ನೀವು’ ಬಳಸುವುದು ವಾಸಿ ಎನ್ನುವವರಿದ್ದಾರೆ. ಅಪರಿಚಿತರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’ ಎನ್ನುವುದೇ ವಾಡಿಕೆ, ಅಲ್ಲಿ ‘ನೀವು’ ಮುನಿಸಿನಂತೆ ಕೇಳುತ್ತದೆ. ಹಳೆಯ ಕಾಲದ ದಂಪತಿಗಳಲ್ಲಿ ಹೆಂಡತಿ ‘ರೀ, ನೀವು’ ಎಂದರೆ ಗಂಡ ‘ನೀನು’ ಎನ್ನುತ್ತಾನೆ. ಇಂದಿನ ಜೋಡಿಗೆ ಅದನ್ನೇ ಹಚ್ಚಿದರೆ ಪಾತ್ರಗಳೇ ಬದಲಾಗುತ್ತವೆ.

ಅನುವಾದ ಮಾಡಿಸುವವರಲ್ಲಿ ಒಂದು ವಿನಂತಿ: ಚಿತ್ರ ಕೊಡಲು ಆಗದಿದ್ದರೆ ಬೇಡ, ಪ್ರತಿ ಸಾಲಿನ ಪಕ್ಕ ಯಾರು ಯಾರಿಗೆ ಹೇಳಿದ್ದು, ಇಬ್ಬರ ವಯಸ್ಸೆಷ್ಟು, ಏನಾಗಬೇಕು ಎಂದಷ್ಟು ಬರೆದು ಕಳಿಸಿ.