ಸಪ್ಲೈಯರ್ ಅಕೌಂಟ್ ಬದಲಾಯ್ತಾ? ಹಳೇ ನಂಬರಿಗೆ ಫೋನ್ ಮಾಡಿ

ದುಬೈನ ಒಂದು ಕಂಪನಿಗೆ ಸಪ್ಲೈಯರ್ ಹೆಸರಲ್ಲಿ ಇಮೇಲ್ ಬರುತ್ತದೆ ಎಂದುಕೊಳ್ಳಿ: "ನಮ್ಮ ಐಬ್ಯಾನ್ ಬದಲಾಗಿದೆ, 48,000 ದಿರ್ಹಮ್ ಹೊಸ ಅಕೌಂಟಿಗೆ ಹಾಕಿ." ಲೆಟರ್‌ಹೆಡ್, ಸೀಲು, ಬಿಲ್ ನಂಬರ್ ಎಲ್ಲಾ ಸರಿಯಾಗೇ ಇರುತ್ತೆ. ಯಾಕಂದ್ರೆ ಕಳ್ಳರು ಸಪ್ಲೈಯರ್ ಮೇಲ್‌ಗೇ ನುಗ್ಗಿ ಹಳೇ ಬಿಲ್‌ಗಳನ್ನು ನೋಡಿರಬಹುದು. ಆಗ ಅದೇ ಮೇಲ್‌ಗೆ ರಿಪ್ಲೈ ಮಾಡಿ ವಿಚಾರಿಸಿದರೆ "ಹೌದು" ಅನ್ನೋದು ಕಳ್ಳನೇ. ಮೇಲ್‌ನಲ್ಲಿ ಕೊಟ್ಟ ಫೋನ್ ನಂಬರೂ ಅವನದೇ ಇರಬಹುದು.

ಆದ್ದರಿಂದ ನಿಮ್ಮ ಫೈಲಿನಲ್ಲಿ ಮೊದಲಿಂದ ಇರುವ ನಂಬರಿಗೇ ಕರೆ ಮಾಡಿ. ಹೊಸ ಐಬ್ಯಾನ್ ನೀವು ಓದಬೇಡಿ, ಅವರಿಂದಲೇ ಹೇಳಿಸಿ. ಯುಎಇ ಐಬ್ಯಾನ್‌ನಲ್ಲಿ AE ಆದ ಮೇಲೆ ಎರಡು ಅಂಕಿ, ನಂತರದ ಮೂರು ಅಂಕಿ ಬ್ಯಾಂಕಿನ ಕೋಡ್. "ಬ್ಯಾಂಕ್ ಅದೇ" ಅಂತ ಬರೆದು ಕೋಡ್ ಬೇರೆಯಿದ್ದರೆ ಪೇಮೆಂಟ್ ನಿಲ್ಲಿಸಿ. ಆದರೆ ಕೋಡ್ ಸರಿಯಿದ್ದರೂ ಅಕೌಂಟ್ ಯಾರದ್ದು ಅಂತ ಅದು ಹೇಳೋದಿಲ್ಲ, ಫೋನ್ ಮಾಡಲೇಬೇಕು.